ಹತ್ತಲಾಗದ ಮೆಟ್ಟಿಲು, ತೆರೆಯಲಾಗದ ಬಾಗಿಲು

ಮನೆ ಕಟ್ಟಿಸಲು ಹೊರಟವರು ಈಗ ಆರ್ಕಿಟೆಕ್ಟರ ಕಚೇರಿಗೆ ಬರಿಗೈಯಲ್ಲಿ ಹೋಗುವುದು ಕಡಿಮೆ. ಮೊಬೈಲಿನಲ್ಲಿ ಒಂದು ಚಿತ್ರ ಇಟ್ಟುಕೊಂಡೇ ಹೋಗುತ್ತಾರೆ. ‘30–40 ಸೈಟಿನ ಡ್ಯೂಪ್ಲೆಕ್ಸ್ ಮನೆ, ಹಾಲ್‌ನಿಂದಲೇ ಮೇಲೇರುವ ಮರದ ಮೆಟ್ಟಿಲು, ಗಾಜಿನ ರೇಲಿಂಗ್, ಬೆಳಗಿನ ಬಿಸಿಲು’ ಎಂದು ಬರೆದುಕೊಟ್ಟರೆ ಸಾಕು, ಮಿಡ್‌ಜರ್ನಿಯಂಥ ಕೃತಕ ಬುದ್ಧಿಮತ್ತೆಯ ಸಾಧನ ಸ್ವಲ್ಪ ಹೊತ್ತಿನಲ್ಲೇ ಆ ಮನೆಯ ಫೋಟೊದಂಥ ಚಿತ್ರವನ್ನು ಮುಂದಿಡುತ್ತದೆ. ಮನೆಮಂದಿಗೆಲ್ಲ ಅದು ಇಷ್ಟವಾಗುತ್ತದೆ. ‘ಹೀಗೇ ಬೇಕು’ ಎಂದು ಅದನ್ನು ಮೇಸ್ತ್ರಿಗೂ ಕಳಿಸುತ್ತಾರೆ. ಮೇಸ್ತ್ರಿ ಅದನ್ನು ಎರಡು ಸಲ ನೋಡಿ, ‘ಸಾರ್, ಈ ಮೆಟ್ಟಿಲು ಹತ್ತಿ ಎಲ್ಲಿಗೆ ಹೋಗೋದು?’ ಎಂದು ಕೇಳಿದಾಗಲೇ ಉಳಿದವರ ಕಣ್ಣು ಅತ್ತ ಹೊರಳುವುದು.

ಆ ಪ್ರಶ್ನೆ ತಳಪಾಯ ತೋಡುವ ಮೊದಲೇ ಬಂದರೆ ನಷ್ಟವಿಲ್ಲ. ಸ್ಲ್ಯಾಬ್‌ಗೆ ಸೆಂಟ್ರಿಂಗ್ ಕಟ್ಟಿದ ಮೇಲೆ ಬಂದರೆ ಮೆಟ್ಟಿಲಿಗೆ ಜಾಗ ಹುಡುಕುವುದಕ್ಕಾಗಿ ಒಂದು ಕೋಣೆಯನ್ನೇ ಬಲಿ ಕೊಡಬೇಕಾದೀತು. ಆದ್ದರಿಂದ ಇಂಥ ಚಿತ್ರವನ್ನು ಕಂತು ಕಂತಾಗಿ ಪರೀಕ್ಷಿಸುವ ಕ್ರಮವೊಂದನ್ನು ತಿಳಿದಿರುವುದು ಒಳ್ಳೆಯದು. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಒಂದು ಅಳತೆಪಟ್ಟಿ, ಪೆನ್ಸಿಲು, ಚೌಕುಳಿ ಹಾಳೆ ಮತ್ತು ಕೂಡುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ಮೊದಲು, ಇಂಥ ತಪ್ಪು ಏಕೆ ಆಗುತ್ತದೆ ಎಂಬುದನ್ನು ನೋಡಬೇಕು. ಕೆಲವು ವರ್ಷಗಳ ಹಿಂದಿನವರೆಗೆ ‘ತ್ರೀಡಿ’ ಎಂದು ಕರೆಯುತ್ತಿದ್ದ ಚಿತ್ರಗಳು ಬೇರೆಯೇ ಬಗೆಯವು. ಸ್ಕೆಚ್‌ಅಪ್, ರೆವಿಟ್‌ನಂಥ ತಂತ್ರಾಂಶದಲ್ಲಿ ಯಾರೋ ಒಬ್ಬರು ಕೂತು ಪ್ರತಿ ಗೋಡೆಗೂ ಉದ್ದ, ಎತ್ತರ, ದಪ್ಪ ಕೊಟ್ಟು ಕಂಪ್ಯೂಟರಿನೊಳಗೆ ಒಂದು ಮನೆಯನ್ನು ನಿಲ್ಲಿಸುತ್ತಿದ್ದರು. ಆಮೇಲೆ ಅದಕ್ಕೆ ಬಣ್ಣ, ಬೆಳಕು ಹಚ್ಚಿ ಚಿತ್ರ ತೆಗೆಯುತ್ತಿದ್ದರು. ಅದರಲ್ಲೂ ತಪ್ಪು ಇರಬಹುದಿತ್ತು, ಆದರೆ ಚಿತ್ರದ ಹಿಂದೆ ಅಳೆಯಬಹುದಾದ ಮನೆಯೊಂದು ಇರುತ್ತಿತ್ತು. 2022ರಲ್ಲಿ ಡಾಲ್-ಇ 2, ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಒಂದರ ಹಿಂದೊಂದು ಬಂದವಲ್ಲ, ಆ ಚಿತ್ರಗಳ ಹಿಂದೆ ಅಂಥ ಮನೆ ಇಲ್ಲ. ಕೋಟ್ಯಂತರ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ವಿವರಣೆಗಳನ್ನೂ ನೋಡಿ ಕಲಿತ ಈ ವ್ಯವಸ್ಥೆಗಳು ಚುಕ್ಕೆ ಚುಕ್ಕೆಯ ಗದ್ದಲದಿಂದ ಆರಂಭಿಸುತ್ತವೆ. ಆ ಗದ್ದಲವನ್ನು ಹಂತಹಂತವಾಗಿ ತಿಳಿಗೊಳಿಸುತ್ತ, ಕೇಳಿದ ಮಾತಿಗೆ ಹೊಂದುವ ನೋಟವನ್ನು ಮೂಡಿಸುತ್ತವೆ. ಮೆಟ್ಟಿಲು ಹೇಗೆ ಕಾಣುತ್ತದೆ ಎಂಬುದು ಅವುಗಳಿಗೆ ಚೆನ್ನಾಗಿ ಗೊತ್ತು. ಅದು ಒಬ್ಬ ಮನುಷ್ಯನನ್ನು ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಮುಟ್ಟಿಸಬೇಕು ಎಂಬ ಲೆಕ್ಕ ಅಲ್ಲಿ ಎಲ್ಲೂ ನಡೆಯುವುದಿಲ್ಲ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಹವರ್ತಿಗಳೂ 2024ರ ಸಿವಿಪಿಆರ್ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿದರು. ಚಿತ್ರದ ಬಣ್ಣ, ಹೊಳಪು ಯಾವುದನ್ನೂ ತೋರಿಸದೆ ಅದರಿಂದ ತೆಗೆದ ಗೆರೆಗಳು, ದೂರ-ಹತ್ತಿರದ ರೇಖಾವಿನ್ಯಾಸ, ವಸ್ತುಗಳಿಗೂ ಅವುಗಳ ನೆರಳಿಗೂ ಇರುವ ಸಂಬಂಧ ಇಷ್ಟನ್ನೇ ಕೊಟ್ಟರೂ, ಚಿತ್ರ ನಿಜವಾದದ್ದೋ ಹುಟ್ಟಿಸಿದ್ದೋ ಎಂದು ಕಂಪ್ಯೂಟರು ಬೇರ್ಪಡಿಸಬಲ್ಲದು ಎಂದು ಅವರು ತೋರಿಸಿದರು. ನೋಡುವವರ ಕಣ್ಣನ್ನು ಗೆಲ್ಲುವ ಚಿತ್ರ ರೇಖಾಗಣಿತದ ಮುಂದೆ ಸೋಲುತ್ತದೆ ಎಂದಾಯಿತು.

ಕಣ್ಣು ಏಕೆ ಸೋಲುತ್ತದೆ ಎಂಬುದಕ್ಕೆ ಉತ್ತರ ಇನ್ನೂ ಹಳೆಯದು. 1958ರಲ್ಲಿ ಲಯೊನೆಲ್ ಪೆನ್‌ರೋಸ್ ಮತ್ತು ಅವರ ಮಗ ರೋಜರ್ ಪೆನ್‌ರೋಸ್ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ವಿಚಿತ್ರವಾದ ಮೆಟ್ಟಿಲೊಂದರ ಚಿತ್ರ ಪ್ರಕಟಿಸಿದರು. ನಾಲ್ಕು ಬದಿಗಳಲ್ಲಿ ಸುತ್ತುವ ಆ ಮೆಟ್ಟಿಲನ್ನು ಎಷ್ಟು ಹತ್ತಿದರೂ ಹೊರಟಲ್ಲಿಗೇ ಬಂದು ಸೇರುತ್ತೇವೆ. ಡಚ್ ಕಲಾವಿದ ಎಷರ್ 1960ರಲ್ಲಿ ಅದನ್ನೇ ಒಂದು ಮಠದ ಮಾಳಿಗೆಯ ಮೇಲೆ ಕೂರಿಸಿ ಚಿತ್ರ ಮಾಡಿದ. ಅದಕ್ಕಿಂತ ಎರಡು ವರ್ಷ ಮೊದಲಿನ ಅವನ ‘ಬೆಲ್ವೆಡೀರ್’ ಎಂಬ ಕೃತಿಯಲ್ಲಿ ಒಂದು ಏಣಿ ಇದೆ. ಅದರ ಬುಡ ಕಟ್ಟಡದ ಒಳಗೆ ಊರಿದೆ, ತುದಿ ಹೊರಗಿನಿಂದ ಗೋಡೆಗೆ ಒರಗಿದೆ. ಬುಡವನ್ನೇ ನೋಡಿದರೆ ತಪ್ಪಿಲ್ಲ, ತುದಿಯನ್ನೇ ನೋಡಿದರೂ ತಪ್ಪಿಲ್ಲ. ಎರಡನ್ನೂ ಜೋಡಿಸಿ ನೋಡಿದರಷ್ಟೇ ದೋಷ ಕಾಣುತ್ತದೆ. ನಮ್ಮ ಕಣ್ಣು ಚಿತ್ರವನ್ನು ತುಣುಕು ತುಣುಕಾಗಿ ಒಪ್ಪಿಕೊಳ್ಳುತ್ತ ಹೋಗುತ್ತದೆ. ಎಷರ್ ಬೇಕೆಂದೇ ಮಾಡಿದ್ದನ್ನು ಈ ಸಾಧನಗಳು ತಿಳಿಯದೆ ಮಾಡುತ್ತವೆ. ಪರೀಕ್ಷೆ ಎಂದರೆ ತುಣುಕುಗಳನ್ನು ಜೋಡಿಸಿ ನೋಡುವ ಕೆಲಸ.

ಇಂಥ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳನ್ನೆಲ್ಲ ಹೊತ್ತ ಒಂದು ಮಾದರಿ ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಹಾಲ್‌ನ ನಡುವೆ ನಿಂತು ಹಿಂಗೋಡೆಯನ್ನು ನೇರ ನೋಡುತ್ತಿದ್ದೇವೆ. ಹಿಂಗೋಡೆಯ ಎಡತುದಿಯಲ್ಲಿ ಹಿತ್ತಾಳೆ ಹಿಡಿಯ ತೇಗದ ಬಾಗಿಲು. ಅದರ ಪಕ್ಕದಿಂದಲೇ ಗೋಡೆಗುಂಟ ಎಡದಿಂದ ಬಲಕ್ಕೆ ಮರದ ಮೆಟ್ಟಿಲು ಏರುತ್ತದೆ. ಮೆಟ್ಟಿಲ ಕೆಳಗೆ, ಸುಮಾರು ನಡುಮಧ್ಯಕ್ಕೆ, ಇನ್ನೊಂದು ಬಾಗಿಲು. ಬಲಗೋಡೆಯಲ್ಲಿ ಅರೆ ತೆರೆದ ಮೂರನೆಯ ಬಾಗಿಲು, ಅದರ ಸಂದಿಯಲ್ಲಿ ಮಲಗುವ ಕೋಣೆಯ ಮಂಚ ಕಾಣುತ್ತದೆ. ಆ ಬಾಗಿಲಿಗೆ ತಾಗಿದಂತೆ ಒಂದು ಕಿಟಕಿ, ಅದರಾಚೆ ಹಸಿರು ತೋಟ. ನೆಲದ ಮೇಲೆ ಎಳೆಬಿಸಿಲು. ಯಾರಿಗಾದರೂ ಇಷ್ಟವಾಗುವ ಹಾಲ್ ಅದು.

ಮೊದಲ ಕೆಲಸ ಅಳತೆಗೋಲು ಹುಡುಕುವುದು. ಚಿತ್ರಕ್ಕೆ ಸ್ಕೇಲ್ ಇರುವುದಿಲ್ಲ, ಆದರೆ ಬಾಗಿಲು ಇರುತ್ತದೆ. ನಮ್ಮಲ್ಲಿ ಕೋಣೆಯ ಬಾಗಿಲು ಸಾಮಾನ್ಯವಾಗಿ 3 ಅಡಿ ಅಗಲ, 7 ಅಡಿ ಎತ್ತರ. ಹಿಂಗೋಡೆಯ ಎಡಬಾಗಿಲನ್ನು ಪರದೆಯ ಮೇಲೋ ಮುದ್ರಿಸಿದ ಹಾಳೆಯ ಮೇಲೋ ಅಳೆದು, ಅದನ್ನು 7 ಅಡಿ ಎಂದು ಇಟ್ಟುಕೊಳ್ಳಬೇಕು. ಅದೇ ಗೋಡೆಯ ಮೇಲಿನ ಸೀಲಿಂಗಿನ ಎತ್ತರ ಆಗ ಸುಮಾರು ಒಂಬತ್ತೂವರೆ ಅಡಿ ಎಂದು ಸಿಗುತ್ತದೆ. ಸ್ಲ್ಯಾಬ್ ಮತ್ತು ಮೇಲಿನ ನೆಲಹಾಸಿನ ದಪ್ಪ ಅರ್ಧ ಅಡಿ ಸೇರಿಸಿದರೆ ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ, ಅಂದರೆ 120 ಇಂಚು. ಅಳೆಯುವ ವಸ್ತುವೂ ಅಳತೆಗೋಲೂ ಒಂದೇ ಗೋಡೆಯಲ್ಲಿರಬೇಕು ಎಂಬುದನ್ನು ಮರೆಯಬಾರದು. ಮುಂದೆ ಇರುವ ಸೋಫಾದಿಂದ ಹಿಂದಿನ ಮೆಟ್ಟಿಲನ್ನು ಅಳೆದರೆ ಲೆಕ್ಕ ಕೆಡುತ್ತದೆ, ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ.

ಈಗ ಮೆಟ್ಟಿಲು ಎಣಿಸಬೇಕು. ಬೆರಳಿಟ್ಟು, ಒಂದೊಂದಾಗಿ, ಕೆಳಗಿನಿಂದ ಮೇಲಕ್ಕೆ.

ಮಾದರಿ ಚಿತ್ರದಲ್ಲಿ 11 ಮೆಟ್ಟಿಲು ಸಿಗುತ್ತವೆ. 120 ಇಂಚನ್ನು 11ರಿಂದ ಭಾಗಿಸಿದರೆ ಒಂದೊಂದು ಮೆಟ್ಟಿಲ ಎತ್ತರ ಸುಮಾರು 11 ಇಂಚು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗಳಿಗೆ ಹೇಳುವ ಗರಿಷ್ಠ ಎತ್ತರ 190 ಮಿಲಿಮೀಟರ್, ಅಂದರೆ ಏಳೂವರೆ ಇಂಚು. ಕಾಲಿಡುವ ಹಲಗೆಯ, ಅಂದರೆ ಟ್ರೆಡ್‌ನ, ಅಗಲ ಕನಿಷ್ಠ 250 ಮಿಲಿಮೀಟರ್, ಸುಮಾರು 10 ಇಂಚು. ಚಿತ್ರದ ಮೆಟ್ಟಿಲು ನೆಲದ ಮೇಲೆ ಎಷ್ಟು ಉದ್ದ ಹಿಡಿದಿದೆ ಎಂದು ನೋಡಿದರೆ ಬಾಗಿಲಿನ ಅಗಲದ ಎರಡೂವರೆ ಪಟ್ಟು, ಅಂದರೆ ಏಳೂವರೆ ಅಡಿ. ಅದನ್ನು 10 ಟ್ರೆಡ್‌ಗಳಿಗೆ ಹಂಚಿದರೆ ತಲಾ 9 ಇಂಚು. ಏರು ಹನ್ನೊಂದು, ಹಲಗೆ ಒಂಬತ್ತು. ಇದು ಮೆಟ್ಟಿಲಿಗಿಂತ ಏಣಿಗೆ ಹತ್ತಿರ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಷ್ಟು ಕಡಿದಾದ ಮೆಟ್ಟಿಲು ಪ್ರಪಂಚದಲ್ಲೇ ಇಲ್ಲ ಎನ್ನಲಾಗದು. ಮಲೆನಾಡಿನ ಹಳೆಯ ಮನೆಗಳಲ್ಲಿ ಉಪ್ಪರಿಗೆಗೆ ಹತ್ತುವ ಮರದ ಮೆಟ್ಟಿಲುಗಳು ಕಡಿದಾಗಿಯೇ ಇರುತ್ತವೆ, ಹಗ್ಗವನ್ನೋ ಕಂಬಿಯನ್ನೋ ಹಿಡಿದು ಹತ್ತಬೇಕಾದವೂ ಇವೆ. ಆದ್ದರಿಂದ ಪರೀಕ್ಷೆ ಮಾಡುವವರು ತಪ್ಪುಗಳನ್ನು ಬೇರೆ ಬೇರೆ ರಾಶಿಗೆ ಹಾಕುವುದು ಮೇಲು. ಕಟ್ಟಲಾಗದ್ದು ಒಂದು, ಕಟ್ಟಬಹುದು, ಆದರೆ ನಿಯಮಕ್ಕೂ ಮೈಗೂ ಒಗ್ಗದ್ದು ಇನ್ನೊಂದು, ಕಟ್ಟಬಹುದು, ಆದರೆ ಬಹಳ ದುಡ್ಡು ಬೇಡುವಂಥದ್ದು ಮತ್ತೊಂದು. 11 ಇಂಚಿನ ಮೆಟ್ಟಿಲು ಎರಡನೆಯ ರಾಶಿಗೆ ಸೇರಿತು. ಎಪ್ಪತ್ತರ ಅಜ್ಜಿ ಇರುವ ಮನೆಯಲ್ಲಿ ಅದು ಮೊದಲನೆಯ ರಾಶಿಗೆ ಸಮ.

ಇನ್ನು ಲ್ಯಾಂಡಿಂಗ್. ಹತ್ತಡಿ ಎತ್ತರವನ್ನು ಏಳೂವರೆ ಇಂಚಿನಂತೆ ಹತ್ತಲು 16 ಮೆಟ್ಟಿಲು ಬೇಕು, ಅದಕ್ಕಿಂತ ಕಡಿಮೆಯಲ್ಲಿ ಆಗದು. ಒಂದೇ ಓಟದಲ್ಲಿ ಅಷ್ಟು ಮೆಟ್ಟಿಲು ಇರಬಾರದು ಎನ್ನುತ್ತದೆ ಅದೇ ಸಂಹಿತೆ. ಎರಡನ್ನೂ ಜೋಡಿಸಿ ನೋಡಿದರೆ ಉತ್ತರ ತಾನಾಗಿ ಬರುತ್ತದೆ: 10 ಅಡಿ ಅಂತರದ ಮನೆಯಲ್ಲಿ ನಡುವೆ ಎಲ್ಲೂ ನಿಲ್ಲದ ಮೆಟ್ಟಿಲನ್ನು ಚಿತ್ರ ತೋರಿಸಿದರೆ ಅದು ಸಂಹಿತೆಯ ಒಂದಲ್ಲ ಒಂದು ಮಾತನ್ನು ಮೀರಿಯೇ ಇರುತ್ತದೆ. ನಡುವಿನ ಲ್ಯಾಂಡಿಂಗ್ ಬರಿಯ ವಿಶ್ರಾಂತಿಗಲ್ಲ. ಮೇಲಿನಿಂದ ಎಡವಿ ಬಿದ್ದವರು ಪೂರ್ತಿ ಕೆಳಗಿನವರೆಗೆ ಉರುಳದಂತೆ ತಡೆಯುವುದೂ ಅದೇ. ಊರೂರಿನ ಕಟ್ಟಡ ಉಪವಿಧಿಗಳಲ್ಲಿ ಅಂಕಿಗಳು ತುಸು ಬೇರೆಯಾಗಬಹುದು, ಹಾಗಾಗಿ ಸ್ಥಳೀಯ ನಿಯಮವನ್ನು ಆರ್ಕಿಟೆಕ್ಟರಿಂದ ಕೇಳಿ ತಿಳಿಯಬೇಕು.

ನಡುವಿನ ಲ್ಯಾಂಡಿಂಗ್‌ಗಿಂತ ಹೆಚ್ಚಾಗಿ ತಪ್ಪಿಹೋಗುವುದು ತುದಿಯದ್ದು. ಮಾದರಿ ಚಿತ್ರದ ಹನ್ನೊಂದನೆಯ ಮೆಟ್ಟಿಲು ಸೀಲಿಂಗಿಗೆ ತಾಗಿ ಮುಗಿಯುತ್ತದೆ. ಸೀಲಿಂಗು ಎಲ್ಲೂ ತೆರೆದಿಲ್ಲ. ಚಿತ್ರದ ಆ ಭಾಗ ಸಾಮಾನ್ಯವಾಗಿ ತುಸು ಕತ್ತಲಲ್ಲಿರುತ್ತದೆ, ಇಲ್ಲವೇ ಗಾಜಿನ ರೇಲಿಂಗಿನ ಹೊಳಪಿನಲ್ಲಿ ಮಸುಕಾಗಿರುತ್ತದೆ, ನೋಡುವವರು ‘ಮೇಲೆ ಏನೋ ಇದೆ’ ಎಂದುಕೊಂಡು ಮುಂದೆ ಹೋಗುತ್ತಾರೆ. ಇದಕ್ಕೂ ಒಂದು ಲೆಕ್ಕವಿದೆ. ಮೆಟ್ಟಿಲು ಹತ್ತುವವರ ತಲೆಯ ಮೇಲೆ 2.2 ಮೀಟರ್, ಅಂದರೆ ಸುಮಾರು 7 ಅಡಿ 3 ಇಂಚು ಖಾಲಿ ಇರಬೇಕು. ಸೀಲಿಂಗಿನ ತಳ 114 ಇಂಚಿನಲ್ಲಿದೆ. ಅದರಿಂದ 87 ಇಂಚು ಕಳೆದರೆ ಉಳಿಯುವುದು 27 ಇಂಚು. ಏಳೂವರೆ ಇಂಚಿನ ಮೆಟ್ಟಿಲುಗಳಲ್ಲಿ ಮೂರು ಹತ್ತಿದರೆ ಇಪ್ಪತ್ತೆರಡೂವರೆ ಇಂಚು, ನಾಲ್ಕನೆಯದಕ್ಕೆ 30. ಅಂದರೆ ನಾಲ್ಕನೆಯ ಮೆಟ್ಟಿಲಿನಿಂದಲೇ ಮೇಲಿನ ಸ್ಲ್ಯಾಬ್ ತೆರೆದುಕೊಂಡಿರಬೇಕು. ಮೊದಲ ಮೂರು ಮೆಟ್ಟಿಲಿನ ಮೇಲಷ್ಟೇ ಅದು ಚಾಚಿಕೊಂಡಿರಬಹುದು. ಈ ತೆರಪು ಎಷ್ಟು ದೊಡ್ಡದು ಎಂಬುದು ಬಹಳ ಜನರಿಗೆ ಮನೆ ಎದ್ದ ಮೇಲಷ್ಟೇ ಅರಿವಾಗುತ್ತದೆ. ಮೇಲಿನ ಮಹಡಿಯಲ್ಲಿ ಅಷ್ಟೂ ಜಾಗ ಕೋಣೆಗೆ ಸಿಗುವುದಿಲ್ಲ. ಹಾಗಾಗಿ ಮಾದರಿ ಚಿತ್ರದ ಮೆಟ್ಟಿಲು ಮೊದಲನೆಯ ರಾಶಿಗೆ, ಕಟ್ಟಲಾಗದ್ದಕ್ಕೆ, ಸೇರಿತು.

ಮೆಟ್ಟಿಲಿನಲ್ಲಿ ನೋಡಬೇಕಾದ ಇನ್ನೆರಡು ಸಂಗತಿಗಳು ಬೇಗ ಮುಗಿಯುತ್ತವೆ. ಒಂದು, ಎಲ್ಲ ಮೆಟ್ಟಿಲುಗಳ ಎತ್ತರ ಒಂದೇ ಆಗಿದೆಯೇ? ಹುಟ್ಟಿಸಿದ ಚಿತ್ರದಲ್ಲಿ ಕೆಳಗಿನವು ಸರಿಯಾಗಿದ್ದು, ಮೇಲೆ ಹೋದಂತೆ ಎರಡು ಕೂಡಿ ಒಂದಾಗುವುದು ಸಾಮಾನ್ಯ. ಇನ್ನೊಂದು, ಹಲಗೆಗಳನ್ನು ಹಿಡಿದಿರುವುದು ಯಾವುದು? ಗೋಡೆಯಿಂದ ಚಾಚಿಕೊಂಡು ಗಾಳಿಯಲ್ಲಿ ನಿಂತಂತೆ ಕಾಣುವ ಹಲಗೆಗಳನ್ನು ನಿಜಕ್ಕೂ ಕಟ್ಟಬಹುದು. ಅದಕ್ಕೆ ಕಾಂಕ್ರೀಟಿನ ಗೋಡೆಯೋ ಗೋಡೆಯೊಳಗೆ ಹುದುಗಿಸಿದ ಉಕ್ಕಿನ ಚೌಕಟ್ಟೋ ಬೇಕು, ಅದು ದುಬಾರಿ ರಾಶಿ. ಆ ಹಲಗೆಗಳು ಬರಿಯ ಗಾಜಿನ ಹಾಳೆಗೆ ಅಂಟಿಕೊಂಡಿದ್ದು ಅವುಗಳ ಬೇರೆ ಆಧಾರ ಎಲ್ಲೂ ಕಾಣದಿದ್ದರೆ ಕೆಂಪು ಗುರುತು ಹಾಕುವುದೇ ಸರಿ.

ಬಾಗಿಲುಗಳ ಪರೀಕ್ಷೆ ಇನ್ನೂ ಸೂಕ್ಷ್ಮ, ಏಕೆಂದರೆ ಮುಚ್ಚಿದ ಬಾಗಿಲು ಎಲ್ಲವನ್ನೂ ಮುಚ್ಚಿಡುತ್ತದೆ. ಬಡಗಿಗಳು ಬಾಗಿಲನ್ನು ಓದುವ ರೀತಿ ಇಲ್ಲಿ ನೆರವಿಗೆ ಬರುತ್ತದೆ. ಮಾಮೂಲಿ ತಿರುಗಣಿಯ, ಅಂದರೆ ಹಿಂಜ್‌ನ, ಉರುಟಾದ ಗೆಣ್ಣು ಯಾವ ಕಡೆ ಕಾಣುತ್ತದೋ ಬಾಗಿಲು ಆ ಕಡೆಗೆ ತೆರೆಯುತ್ತದೆ. ಚಿಲಕ ಮತ್ತು ಹಿಡಿ ತಿರುಗಣಿಯ ಎದುರು ಅಂಚಿನಲ್ಲಿರುತ್ತವೆ. ಮಾದರಿ ಚಿತ್ರದ ಎಡಬಾಗಿಲನ್ನು ದೊಡ್ಡದು ಮಾಡಿ ನೋಡಿದರೆ ಎಡ ಅಂಚಿನಲ್ಲಿ ಮೂರು ಹಿಂಜ್‌ಗಳ ಗೆಣ್ಣು, ಹಿತ್ತಾಳೆ ಹಿಡಿಯೂ ಅದೇ ಅಂಚಿನಲ್ಲಿ. ತಿರುಗುವ ಅಂಚನ್ನೇ ಹಿಡಿದು ಎಳೆದರೆ ಬಾಗಿಲು ಅಲುಗದು. ಇದು ಸಣ್ಣ ತಪ್ಪು, ಬಡಗಿ ತಾನಾಗಿ ಸರಿಪಡಿಸುತ್ತಾನೆ. ಆದರೆ ಹಿಡಿಯನ್ನು ಬಲ ಅಂಚಿಗೆ ಸರಿಸಿದರೆ ಅದು ಮೆಟ್ಟಿಲ ಮೊದಲ ಹಲಗೆಯ ಪಕ್ಕಕ್ಕೆ ಬರುತ್ತದೆ. ಮೂರಡಿ ಅಗಲದ ಬಾಗಿಲು ತೆರೆಯಲು ಅದರ ಮುಂದೆ ಮೂರಡಿ ತ್ರಿಜ್ಯದ ಕಾಲು ವೃತ್ತದಷ್ಟು ನೆಲ ಖಾಲಿ ಬೇಕು. ಮೆಟ್ಟಿಲು ಹತ್ತಲು ಬಂದು ನಿಲ್ಲುವವರು ಅದೇ ಕಾಲು ವೃತ್ತಕ್ಕೆ ಒತ್ತಿಕೊಂಡೇ ನಿಲ್ಲಬೇಕಾಗುತ್ತದೆ. ಬಾಗಿಲು ಒಳಗಡೆಗೆ ತೆರೆಯುವಂತೆ ಮಾಡುವುದೋ, ಮೆಟ್ಟಿಲನ್ನು ಬಲಕ್ಕೆ ಸರಿಸುವುದೋ ಎಂಬ ಪ್ರಶ್ನೆ ಆಗ ಏಳುತ್ತದೆ. ಒಂದು ಹಿಡಿಯ ಜಾಗ ಹುಡುಕುತ್ತ ಹೋದವರಿಗೆ ಇಡೀ ಮೂಲೆಯ ತೊಡಕು ತಿಳಿಯಿತು.

ಮೆಟ್ಟಿಲ ಕೆಳಗಿನ ಬಾಗಿಲಿಗೆ ಕೂಡುವುದು ಕಳೆಯುವುದು ಸಾಕು. ಸರಿಯಾದ ಅಳತೆಯ ಮೆಟ್ಟಿಲಿನಲ್ಲಿ ಎಂಟನೆಯ ಹಲಗೆ ನೆಲದಿಂದ 60 ಇಂಚು, ಅಂದರೆ 5 ಅಡಿ ಎತ್ತರದಲ್ಲಿರುತ್ತದೆ. ಹಲಗೆಯ ಮತ್ತು ಅದರಡಿಯ ಇಳಿಜಾರು ಸ್ಲ್ಯಾಬಿನ ದಪ್ಪ ಕಳೆದರೆ ಕೆಳಗೆ ನಾಲ್ಕೂವರೆ ಅಡಿಯೂ ಕಷ್ಟ. ಅಲ್ಲಿ ಏಳಡಿಯ ಬಾಗಿಲು ಕೂರುವುದಿಲ್ಲ. ಕೂರಬೇಕಾದರೆ ಹದಿನಾಲ್ಕನೆಯ ಮೆಟ್ಟಿಲಿನ ಹತ್ತಿರಕ್ಕೆ ಹೋಗಬೇಕು. ಚಿತ್ರದಲ್ಲಿ ಅದು ಕೂತಿದೆ, ಏಕೆಂದರೆ ಬಾಗಿಲನ್ನೇ ಚಿಕ್ಕದಾಗಿ ಬಿಡಿಸಲಾಗಿದೆ. ಎಡಬಾಗಿಲಿನ ಪಕ್ಕದಲ್ಲಿಟ್ಟು ಅಳೆದರೆ ಮಾತ್ರ ಅದು ಮಗುವೊಂದು ನುಸುಳುವ ಬಾಗಿಲು ಎಂದು ತಿಳಿಯುತ್ತದೆ. ಅದರಾಚೆ ಏನಿದೆ ಎಂದೂ ಕೇಳಬೇಕು. ಹಿಂಗೋಡೆ ಮನೆಯ ಹೊರಗೋಡೆಯಾಗಿದ್ದರೆ ಅದು ಪಕ್ಕದ ಮನೆಯ ಕಾಂಪೌಂಡಿಗೆ ತೆರೆಯುತ್ತದೆ.

ಮೂರನೆಯ ಬಾಗಿಲಿನದು ಎಲ್ಲಕ್ಕಿಂತ ಮೋಸದ ತಪ್ಪು. ಅದು ನೋಡಲು ನಿರ್ದೋಷಿ. ಸಂದಿಯಲ್ಲಿ ಮಲಗುವ ಕೋಣೆ, ಮಂಚ, ದೀಪ. ತಪ್ಪು ಇರುವುದು ಬಾಗಿಲಿನಲ್ಲಲ್ಲ, ನೆರೆಯ ಕಿಟಕಿಯಲ್ಲಿ. ಒಂದೇ ಗೋಡೆಯಲ್ಲಿ ಎರಡಡಿ ಅಂತರದಲ್ಲಿ ಬಾಗಿಲಾಚೆ ಕೋಣೆ, ಕಿಟಕಿಯಾಚೆ ತೋಟ ಇರಬೇಕಾದರೆ ಆ ಎರಡರ ನಡುವೆ ಕೋಣೆಯ ಒಂದು ಗೋಡೆ ಹೊರಕ್ಕೆ ಚಾಚಿ ನಿಂತಿರಬೇಕು, ಕಿಟಕಿಯ ಮೂಲಕ ಅದರ ಬದಿ ಕಾಣಬೇಕು. ಚಿತ್ರದ ಕಿಟಕಿಯಲ್ಲಿ ಅಂಥ ಗೋಡೆಯಿಲ್ಲ, ತೋಟ ಅಂಚಿನಿಂದ ಅಂಚಿಗೆ ಹರಡಿದೆ. ಮಂಚ ತೋಟದ ನಡುವೆ ಇದೆ ಎಂದಾಯಿತು. ‘ಈ ಬಾಗಿಲ ಹಿಂದೆ ಏನು, ಈ ಕಿಟಕಿಯ ಹಿಂದೆ ಏನು, ಎರಡೂ ಕೂಡುತ್ತವೆಯೇ’ ಎಂಬ ಪ್ರಶ್ನೆಯನ್ನು ಪ್ರತಿ ಗೋಡೆಗೂ ಕೇಳಬೇಕು.

ನಿಜ ಪ್ರಪಂಚದಲ್ಲೂ ಎಲ್ಲಿಗೂ ಹೋಗದ ಮೆಟ್ಟಿಲು, ಗೋಡೆಗೆ ತೆರೆಯುವ ಬಾಗಿಲು ಇವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರಿನ ವಿಂಚೆಸ್ಟರ್ ಮನೆ ಇದಕ್ಕೇ ಹೆಸರಾದದ್ದು. ಅಲ್ಲಿ ಸೀಲಿಂಗಿಗೆ ತಾಗಿ ನಿಲ್ಲುವ ಮೆಟ್ಟಿಲಿದೆ, ಮೇಲಿನ ಅಂತಸ್ತಿನಲ್ಲಿ ಹೊರಗಿನ ಬಯಲಿಗೇ ತೆರೆಯುವ ಬಾಗಿಲಿದೆ. ಆದರೆ ಆ ಮನೆ ವರ್ಷಗಟ್ಟಲೆ ಹಾಗೆ ಹೀಗೆ ಬೆಳೆಯುತ್ತ ಹೋಯಿತು, 1906ರ ಭೂಕಂಪದಲ್ಲಿ ಅದರ ಮೇಲಿನ ಭಾಗಗಳು ಕುಸಿದವು. ಜಪಾನಿನ ಕಲಾವಿದ ಅಕಸೆಗವ ಗೆನ್‌ಪೆಯ್ 1972ರಲ್ಲಿ ಟೋಕಿಯೊದ ಯೊತ್ಸುಯದಲ್ಲಿ ಕಂಡ ಮೆಟ್ಟಿಲೂ ಅಂಥದೇ. ಹತ್ತಿ ಹೋದರೆ ಬಾಗಿಲಿಲ್ಲ, ಇಳಿಯಬೇಕಷ್ಟೇ, ಆದರೂ ಅದರ ಕೈಕಂಬಿಯನ್ನು ಯಾರೋ ದುರಸ್ತಿ ಮಾಡಿದ್ದರು. ಅಂಥವನ್ನು ಹುಡುಕಿ ದಾಖಲಿಸುವುದೇ ಅವನಿಗೆ ಒಂದು ಹವ್ಯಾಸವಾಯಿತು. ನಿಜವಾದ ಕಟ್ಟಡದ ಅಸಂಗತತೆಯ ಹಿಂದೆ ಒಂದು ಕಾರಣ ಇರುತ್ತದೆ: ಮುಚ್ಚಿಹೋದ ಬಾಗಿಲು, ಬಿದ್ದ ಮಹಡಿ, ಪಾಲಾದ ಆಸ್ತಿ. ಹಳೆಯ ಮನೆಯನ್ನು ನವೀಕರಿಸುವವರು ಇದನ್ನು ನೆನಪಿಡಬೇಕು. ಇರುವ ಮನೆಯ ಫೋಟೊ ಆಧರಿಸಿ ಮಾಡಿಸಿದ ಚಿತ್ರದಲ್ಲಿ ವಿಚಿತ್ರ ಕಂಡರೆ ಮೊದಲು ಮೂಲ ಫೋಟೊ ನೋಡಬೇಕು, ವಿಚಿತ್ರ ಅಲ್ಲೇ ಇರಬಹುದು.

ಇಷ್ಟಾದ ಮೇಲೆ ಎಲ್ಲಕ್ಕಿಂತ ಬಲವಾದ ಪರೀಕ್ಷೆ: ಚಿತ್ರದಿಂದ ನಕ್ಷೆ ಬಿಡಿಸುವುದು. ಸಾಮಾನ್ಯವಾಗಿ ನಕ್ಷೆಯಿಂದ ಚಿತ್ರ ಹುಟ್ಟುತ್ತದೆ, ಇಲ್ಲಿ ಅದನ್ನು ತಿರುಗಿಸಬೇಕು. ಚೌಕುಳಿ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದಡಿ ಎಂದಿಟ್ಟುಕೊಂಡು ಹಿಂಗೋಡೆ ಎಳೆಯಬೇಕು. ಎಡಬಾಗಿಲಿಗೆ 3 ಚೌಕ. 16 ಮೆಟ್ಟಿಲಿಗೆ 15 ಟ್ರೆಡ್, 150 ಇಂಚು, ಅಂದರೆ ಹನ್ನೆರಡೂವರೆ ಚೌಕ. ನಡುವಿನ ಲ್ಯಾಂಡಿಂಗ್‌ಗೆ 3 ಚೌಕ ಎಂದರೆ, ಅದು ಒಂದು ಟ್ರೆಡ್‌ನ ಜಾಗದಲ್ಲೇ ಬರುವುದರಿಂದ, ಒಟ್ಟು ಹದಿನಾಲ್ಕೂ ಮುಕ್ಕಾಲು. ಮೇಲೆ ಹೋಗಿ ನಿಲ್ಲಲು ಇನ್ನು 3. ಬಾಗಿಲು, ಮೆಟ್ಟಿಲು, ಮೇಲಿನ ನಿಲುಗಡೆ ಸೇರಿ ಇಪ್ಪತ್ತೂ ಮುಕ್ಕಾಲು ಅಡಿ. 30 ಅಡಿ ಅಗಲದ ಸೈಟಿನಲ್ಲಿ ಅಕ್ಕಪಕ್ಕ ಬಿಡಬೇಕಾದ ಜಾಗ ಮತ್ತು ಗೋಡೆಗಳ ದಪ್ಪ ಕಳೆದ ಮೇಲೆ ಹಾಲ್‌ನ ಹಿಂಗೋಡೆ ಬಹುಪಾಲು ಇದರಲ್ಲೇ ಮುಗಿಯಿತು. ಬಲಕ್ಕೆ ಮಲಗುವ ಕೋಣೆ ಇಡಲು ಸೈಟೇ ಇಲ್ಲ. ಚಿತ್ರ ತೋರಿಸಿದ ವಿಶಾಲತೆ ಕ್ಯಾಮೆರಾದ ಅಗಲಗಣ್ಣಿನದು, ಸೈಟಿನದಲ್ಲ.

ನಕ್ಷೆ ಎಳೆಯುವಾಗ ಕೈ ಎಲ್ಲಿ ನಿಲ್ಲುತ್ತದೋ ಅಲ್ಲೇ ಚಿತ್ರದ ಸುಳ್ಳು ಇರುತ್ತದೆ. ‘ಈ ಗೋಡೆ ಇಲ್ಲಿ ಮುಗಿಯುತ್ತದೋ, ಆಚೆ ಹೋಗುತ್ತದೋ’ ಎಂದು ತಿಳಿಯದೆ ಪೆನ್ಸಿಲು ತಡೆದರೆ ಆ ಜಾಗಕ್ಕೆ ಗುರುತು ಹಾಕಿಕೊಳ್ಳಬೇಕು. ಕಂಬಗಳನ್ನೂ ಇದೇ ಹಾಳೆಯಲ್ಲಿ ನೋಡಬಹುದು: ಮೇಲೆ ಗೋಡೆ ಇದ್ದಲ್ಲಿ ಕೆಳಗೆ ಕಾಲಂ ಅಥವಾ ಬೀಮ್ ಇದೆಯೇ, ಸೋಫಾದ ಹಿಂದೆ ಇಳಿದ ಕಾಲಂ ಸೋಫಾದ ಕೆಳಗೂ ಮುಂದುವರಿದಿದೆಯೇ. ಇಂಥ ಚಿತ್ರಗಳಲ್ಲಿ ವಸ್ತುವೊಂದರ ಹಿಂದೆ ಹೋದ ಕಂಬ, ಗೆರೆ, ಕಿಟಕಿ ಚೌಕಟ್ಟು ಆಚೆ ಬದಿಯಲ್ಲಿ ಬೇರೆ ಜಾಗದಲ್ಲಿ ಹೊರಬರುವುದು ಬಲು ಸಾಮಾನ್ಯ.

ಅಳತೆಪಟ್ಟಿ ಕೈಯಲ್ಲಿದ್ದಾಗಲೇ ಗೆರೆಗಳ ಪರೀಕ್ಷೆಯನ್ನೂ ಮುಗಿಸಬಹುದು. ನೇರ ನೋಡುವ ಚಿತ್ರದಲ್ಲಿ ನಮ್ಮಿಂದ ದೂರಕ್ಕೆ ಓಡುವ ಮಟ್ಟಸ ಗೆರೆಗಳೆಲ್ಲ, ಅಂದರೆ ಟೈಲ್ಸಿನ ಸಂದಿ, ಬಲಗೋಡೆಯ ಸ್ಕರ್ಟಿಂಗ್, ಸೀಲಿಂಗಿನ ಅಂಚು, ಇವನ್ನು ಮುಂದಕ್ಕೆ ಎಳೆದರೆ ಒಂದೇ ಬಿಂದುವಿನಲ್ಲಿ ಕೂಡಬೇಕು. ಆ ಬಿಂದು ಕ್ಯಾಮೆರಾದ ಕಣ್ಣಿನ ಎತ್ತರದಲ್ಲಿರುತ್ತದೆ. ಟೈಲ್ಸಿನ ಗೆರೆ ಒಂದು ಕಡೆ, ಸೀಲಿಂಗಿನದು ಮತ್ತೊಂದು ಕಡೆ ಕೂಡಿದರೆ ನೆಲ ಮತ್ತು ಸೀಲಿಂಗು ಒಂದೇ ಕೋಣೆಯವಲ್ಲ. ಬಿಸಿಲಿನದೂ ಹಾಗೆಯೇ: ಎಡಗಿಟಕಿಯ ಬಿಸಿಲು ಬಲಕ್ಕೆ ಬೀಳುತ್ತಿದ್ದರೆ ಮೇಜಿನ ನೆರಳೂ ಬಲಕ್ಕೇ ಚಾಚಬೇಕು. ಇವು ಕಟ್ಟಡದ ದೋಷಗಳಲ್ಲ, ಆದರೆ ಇಂಥದ್ದು ಸಿಕ್ಕ ಚಿತ್ರದಲ್ಲಿ ಮೊದಲು ಮಾಡಿದ ಅಳತೆಗಳನ್ನು ಹೆಚ್ಚು ನಂಬುವಂತಿಲ್ಲ.

ತಪ್ಪು ಸಿಕ್ಕ ಮೇಲೆ ಬಹಳ ಮಂದಿ ಆ ತುಣುಕನ್ನಷ್ಟೇ ಅಳಿಸಿ ಮತ್ತೆ ಹುಟ್ಟಿಸುತ್ತಾರೆ. ಬಾಗಿಲ ಹಿಡಿಗೆ ಅದು ಸಾಕು. ಮೆಟ್ಟಿಲಿಗೆ ಸಾಲದು. ಹೊಸ ಮೆಟ್ಟಿಲು ಬಂದರೂ ನೆಲದ ಮೇಲೆ ಹಳೆಯ ಮೆಟ್ಟಿಲಿನ ನೆರಳು ಉಳಿದಿರುತ್ತದೆ, ಎದುರಿನ ಗಾಜಿನಲ್ಲಿ ಹಳೆಯದರ ಪ್ರತಿಬಿಂಬ ಇರುತ್ತದೆ. ಇನ್ನೊಂದು ಕೋನದ ಚಿತ್ರ ಕೇಳಿದರೆ ಮೆಟ್ಟಿಲು ಎದುರು ಗೋಡೆಗೇ ಹಾರಿರಬಹುದು. ಒಳ್ಳೆಯ ಮಾರ್ಗವೆಂದರೆ ಆರ್ಕಿಟೆಕ್ಟರ ನಕ್ಷೆಯಿಂದ ಗೋಡೆ, ಮೆಟ್ಟಿಲು, ಬಾಗಿಲು ಮಾತ್ರ ಇರುವ ಬರಿಯ ಬಿಳಿ ಮಾದರಿಯನ್ನು ಕಂಪ್ಯೂಟರಿನಲ್ಲಿ ಮೊದಲು ನಿಲ್ಲಿಸುವುದು. ಅದರ ಗೆರೆಚಿತ್ರವನ್ನೋ ಆಳದ ಚಿತ್ರವನ್ನೋ ಮಾರ್ಗದರ್ಶಿಯಾಗಿ ಕೊಟ್ಟು ಬಣ್ಣ-ಬೆಳಕನ್ನು ಮಾತ್ರ ಸಾಧನಕ್ಕೆ ಬಿಡಬೇಕು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಕಂಟ್ರೋಲ್‌ನೆಟ್ ಎಂಬ ವಿಧಾನ ಇದನ್ನು ಸುಲಭ ಮಾಡಿತು. ಆಗಲೂ ಮಾರ್ಗದರ್ಶಿ ಎಷ್ಟು ಬಿಗಿ ಹಿಡಿಯುತ್ತದೆ ಎಂಬುದನ್ನು ಬಳಸುವವರೇ ನಿಗದಿ ಮಾಡುವುದರಿಂದ, ಸಡಿಲ ಬಿಟ್ಟರೆ ಒಂದೆರಡು ಮೆಟ್ಟಿಲು ಕಾಣೆಯಾಗುವುದುಂಟು. ಬಿಳಿ ಮಾದರಿಯನ್ನೂ ಬಣ್ಣದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಮತ್ತೆ ಎಣಿಸಲೇಬೇಕು.

ಮಾದರಿ ಮನೆಯ ವಿಷಯದಲ್ಲಿ ಆರ್ಕಿಟೆಕ್ಟರು ಹೇಳಬಹುದಾದ ಪರಿಹಾರ ಸರಳವಾದದ್ದು. ನೇರ ಮೆಟ್ಟಿಲು ಬಿಟ್ಟು, ನಡುವೆ ತಿರುಗಿ ಮರಳಿ ಬರುವ ಎರಡು ಓಟದ ಮೆಟ್ಟಿಲು: ಎಂಟು ಹತ್ತಿ, ಲ್ಯಾಂಡಿಂಗ್‌ನಲ್ಲಿ ತಿರುಗಿ, ಮತ್ತೆ ಎಂಟು. ಒಂದು ಓಟಕ್ಕೆ 7 ಟ್ರೆಡ್, 70 ಇಂಚು. ಅದಕ್ಕೆ ಮೂರಡಿ ಲ್ಯಾಂಡಿಂಗ್ ಸೇರಿಸಿದರೆ 8 ಅಡಿ 10 ಇಂಚು ಉದ್ದ. ಮೂರಡಿ ಅಗಲದ ಎರಡು ಓಟ, ನಡುವಿನ ಸಂದಿ ಸೇರಿ ಸುಮಾರು ಆರೂವರೆ ಅಡಿ ಅಗಲ. ಹಾಲ್‌ನ ಒಂದು ಮೂಲೆ ಇದಕ್ಕೆ ಸಾಕು, ಮೆಟ್ಟಿಲ ಬುಡದಲ್ಲಿ ನಿಲ್ಲಲು ಮೂರಡಿ ಬಿಟ್ಟರಾಯಿತು. ಚಿತ್ರದ ತೇಗದ ಬಣ್ಣ, ಗಾಜಿನ ರೇಲಿಂಗ್, ಎಡಗಿಟಕಿಯ ಬಿಸಿಲು ಎಲ್ಲವೂ ಹಾಗೇ ಉಳಿಯುತ್ತವೆ. ಬಲಗೋಡೆಯ ಕಿಟಕಿ ಹೋಗುತ್ತದೆ, ಏಕೆಂದರೆ ಅದರಾಚೆ ಈಗ ನಿಜವಾದ ಕೋಣೆ ಬಂದಿದೆ. ಮೆಟ್ಟಿಲ ಕೆಳಗಿನ ಬಾಗಿಲೂ ಹೋಗುತ್ತದೆ. ಲ್ಯಾಂಡಿಂಗ್ ನೆಲದಿಂದ ಐದಡಿ ಎತ್ತರದಲ್ಲಿರುವುದರಿಂದ ಅದರ ಕೆಳಗೆ ನಿಂತು ನಡೆಯಲಾಗದು, ಆ ಜಾಗ ಯುಪಿಎಸ್ ಬ್ಯಾಟರಿಗೆ, ಚಪ್ಪಲಿ ಗೂಡಿಗೆ.